12-01-2025ರ ಆಸ್ತಿ ಮಾತುಕತೆಯ ನಡಾವಳಿ (ಮೊದಲ ಕರಡು)

ಅಜ್ಜಿ, ದೊಡ್ಡಮಾವ, ಲೀಲತ್ತೆ, ಅಮ್ಮ, ಚಿಕ್ಕಮ್ಮ, ಹರೀಶಣ್ಣ, ಪ್ರಮೋದ್ ಎಲ್ಲರಿಗೂ ನಮಸ್ಕಾರ.

ಭಾನುವಾರ ಊರಿನ ಮನೆಯಲ್ಲಿ ನಡೆದ ಮಾತುಕತೆಯನ್ನು ಬರೆದುಕೊಳ್ಳುವ ಕೆಲಸವನ್ನು ನೀವೆಲ್ಲ ನನಗೆ ವಹಿಸಿದಿರಿ. ಬರೆದದ್ದು ಕೆಳಗಿದೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನನ್ನ ಅಮ್ಮನ ಪಾಲಿನ ವಿಷಯವೂ ಇದರಲ್ಲಿದೆ. ಹಾಗಾಗಿ ಅಮ್ಮ ಆಡಿದ ಮಾತನ್ನೂ ದೊಡ್ಡಮಾವ ಆಡಿದ ಮಾತನ್ನೂ ಅವರವರಿಗೇ ಫೋನಿನಲ್ಲಿ ಓದಿ ಹೇಳಿ, ಇಬ್ಬರೂ ಸರಿ ಎಂದ ಮೇಲೆಯೇ ಇಲ್ಲಿ ಹಾಕಿದ್ದೇನೆ. ಒಬ್ಬೊಬ್ಬರು ಒಬ್ಬೊಬ್ಬರಿಗೆ ಒಂದೊಂದು ಸಂಬಂಧ. ನಾನು 'ದೊಡ್ಡಮಾವ' ಎಂದು ಬರೆದರೆ ಪ್ರಮೋದನಿಗೆ ಅವರು ದೊಡ್ಡಪ್ಪ. ಗೊಂದಲ ಬೇಡವೆಂದು ಇಲ್ಲಿಂದ ಮುಂದೆ ದೊಡ್ಡಮಾವನನ್ನು ರಾಜಶೇಖರ, ಅಮ್ಮನನ್ನು ಗಿರಿಜಾ, ಚಿಕ್ಕಮ್ಮನನ್ನು ಶಾಂತಲಾ ಎಂದು ಹೆಸರು ಹಿಡಿದೇ ಬರೆದಿದ್ದೇನೆ. ದೊಡ್ಡವರು ಬೇಸರ ಮಾಡಿಕೊಳ್ಳಬಾರದು.

*ಎಲ್ಲಿ, ಯಾವಾಗ, ಯಾರ್ಯಾರು*

ತಿಪಟೂರು ತಾಲ್ಲೂಕಿನ ನಮ್ಮೂರ ಮನೆ, ಭಾನುವಾರ 12-01-2025, ಬೆಳಗ್ಗೆ 7:30ರಿಂದ 10:15. ಮನೆಯಲ್ಲಿ ಇದ್ದವರು: ಗೌರಮ್ಮ (ಅಜ್ಜಿ), ರಾಜಶೇಖರ, ಗಿರಿಜಾ, ಲೀಲಾ (ದಿವಂಗತ ಬಸವರಾಜು ಅವರ ಪತ್ನಿ), ಹರೀಶ, ಪ್ರಮೋದ್, ಪಲ್ಲವಿ. ಶಾಂತಲಾ ಅವರು ನ್ಯೂಜೆರ್ಸಿಯಿಂದ ವಿಡಿಯೋ ಕರೆಯಲ್ಲಿ ಇದ್ದರು. ಅಲ್ಲಿ ಆಗ ಶನಿವಾರ ರಾತ್ರಿ 9 ಗಂಟೆ. 8:40ರಿಂದ 8:55ರವರೆಗೆ ಕರೆ ಕಡಿದುಹೋಗಿತ್ತು. ಆ ಹೊತ್ತಿನಲ್ಲಿ ಸೊಸೈಟಿ ಸಾಲದ ಮಾತು ನಡೆದಿತ್ತು. ಅವರು ಮತ್ತೆ ಸೇರಿದಾಗ ಹರೀಶ ಅದನ್ನು ಪೂರ್ತಿ ಪುನಃ ಹೇಳಿದರು.

*ಯಾವ ಆಸ್ತಿಯ ಬಗ್ಗೆ*

ಮೂರು ಸ್ವತ್ತು. ಒಂದು, 3 ಎಕರೆ 12 ಗುಂಟೆ ತೆಂಗಿನ ತೋಟ. ಇದು ಅಜ್ಜನಿಗೆ ಅವರ ತಂದೆಯಿಂದ ಬಂದದ್ದು ಎಂಬುದಕ್ಕೆ ಎಲ್ಲರೂ ಹೌದೆಂದರು. ಎರಡು, 1 ಎಕರೆ 20 ಗುಂಟೆ ರಾಗಿ ಹೊಲ. 1978ರಲ್ಲಿ ಅಜ್ಜನ ಹೆಸರಿಗೆ ಕ್ರಯವಾದದ್ದು. ಇದನ್ನು ಅಜ್ಜನ ಸ್ವಯಾರ್ಜಿತ ಎನ್ನಬೇಕೇ, ಒಟ್ಟು ಕುಟುಂಬದ ತೋಟದ ಹುಟ್ಟುವಳಿಯಿಂದ ಕೊಂಡದ್ದು ಎನ್ನಬೇಕೇ ಎಂಬುದರಲ್ಲಿ ಒಮ್ಮತ ಇಲ್ಲ. ರಾಜಶೇಖರ ಅವರದು ಎರಡನೆಯ ಅಭಿಪ್ರಾಯ. ಗಿರಿಜಾ ಮತ್ತು ಪ್ರಮೋದ್ ಕ್ರಯಪತ್ರ ನೋಡದೆ ಏನೂ ಹೇಳುವುದಿಲ್ಲ ಎಂದರು. ಮೂರು, ಊರಿನ ಮನೆ. ಇದಕ್ಕೆ ಪಂಚಾಯಿತಿಯಲ್ಲಿ ಇ-ಸ್ವತ್ತು ಆಗಿಲ್ಲ. ನಮೂನೆ 9 ಮತ್ತು 11 ತೆಗೆಸಬೇಕು.

ಜಮೀನಿನ ಪಹಣಿ ಇಂದಿಗೂ ಅಜ್ಜನ ಹೆಸರಿನಲ್ಲೇ ಇದೆ. 2009ರಲ್ಲಿ ಅವರು ತೀರಿಕೊಂಡ ಮೇಲೆ ಪೌತಿ ಖಾತೆ ಆಗಿಲ್ಲ. ತೋಟ ಮತ್ತು ಹೊಲ ರಾಜಶೇಖರ ಅವರ ಅನುಭವದಲ್ಲಿವೆ. ಅವರು ಮತ್ತು ಹರೀಶ ಸಾಗುವಳಿ ಮಾಡುತ್ತಿದ್ದಾರೆ. 'ಅನುಭವ' ಎಂದರೆ ಸಾಗುವಳಿ, ಮಾಲೀಕತ್ವ ಅಲ್ಲ. ಇಂಗ್ಲಿಷ್ ಪ್ರತಿಯಲ್ಲಿ ಇದಕ್ಕೆ 'ಪೊಸೆಷನ್' ಎಂದು ಹಾಕಿದ್ದೇನೆ, 'ಓನರ್‌ಶಿಪ್' ಎಂದಲ್ಲ.

*ಅಜ್ಜಿಯ ಮಾತು*

ಇದನ್ನು ಅವರು ಆಡಿದಂತೆಯೇ ಬರೆದುಕೊಂಡೆ: "ನಾನಿರೋವರ್ಗೂ ಈ ಮನೆ ಮಾರ್ಬೇಡಿ. ಆಮೇಲೆ ನಿಮ್ಮಿಷ್ಟ." ಹಾಗಾದರೆ ಭಾಗವೂ ಬೇಡವೇ ಎಂದು ಲೀಲಾ ಕೇಳಿದರು. ಅಜ್ಜಿ: "ಭಾಗ ಮಾಡ್ಕೊಳ್ಳಿ. ಮಾರ್ಬೇಡಿ ಅಂದೆ ಅಷ್ಟೆ." ಈ ಎರಡು ಮಾತಿಗೂ ಇರುವ ವ್ಯತ್ಯಾಸ ದೊಡ್ಡದು. ಇವು ಯಾರ ಬಾಯಲ್ಲೂ ಒಂದಾಗಿಬಿಡಬಾರದೆಂದು ಪ್ರತ್ಯೇಕವಾಗಿ ದಾಖಲಿಸಿದ್ದೇನೆ. ಮನೆಯನ್ನು ಅಜ್ಜಿ ಇರುವವರೆಗೆ ಮಾರುವುದಿಲ್ಲ ಎಂಬುದಕ್ಕೆ ರಾಜಶೇಖರ, ಗಿರಿಜಾ, ಶಾಂತಲಾ, ಲೀಲಾ, ಪ್ರಮೋದ್ ಐವರೂ ಒಪ್ಪಿದರು. ಅಜ್ಜಿಯ ಔಷಧಿ, ಖರ್ಚಿಗೆ ತೋಟದ ಆದಾಯದಿಂದ ತಿಂಗಳಿಗೆ ಇಷ್ಟೆಂದು ಎತ್ತಿಡಬೇಕು ಎಂದು ಶಾಂತಲಾ ಹೇಳಿದರು. ಯಾರೂ ಬೇಡ ಅನ್ನಲಿಲ್ಲ, ಮೊತ್ತ ತೀರ್ಮಾನವಾಗಲಿಲ್ಲ.

*ಹೆಣ್ಣುಮಕ್ಕಳ ಪಾಲು*

ಹೆಚ್ಚು ಹೊತ್ತು ಹಿಡಿದದ್ದು ಇದು. ರಾಜಶೇಖರ: "ಗಿರಿಜಾ ಮದುವೆ 1989ರಲ್ಲಿ ಆಯಿತು. 1994ಕ್ಕೆ ಮೊದಲು ಮದುವೆಯಾದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಭಾಗ ಬರುವುದಿಲ್ಲ ಎಂದು ಕೇಳಿದ್ದೇನೆ. ಕೊಡಬಾರದು ಅಂತಲ್ಲ, ಕಾನೂನು ಏನು ಅಂತ ತಿಳಿಯಬೇಕು." ಅದು 1994ರ ಕರ್ನಾಟಕ ತಿದ್ದುಪಡಿಯ ಮಾತು ಎಂದು ಪ್ರಮೋದ್ ಹೇಳಿದರು. 09-09-2005ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಹೆಣ್ಣುಮಕ್ಕಳನ್ನು ಹುಟ್ಟಿನಿಂದಲೇ ಸಹದಾಯಾದಿಗಳೆಂದು ಮಾಡಿತು, ತಂದೆ ಆ ದಿನ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 11-08-2020ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು, ನಮ್ಮಲ್ಲಂತೂ ಅಜ್ಜ 2009ರವರೆಗೆ ಇದ್ದರು ಎಂದು ವಿವರಿಸಿದರು. ತಮಗೆ ಅದು ಗೊತ್ತಿರಲಿಲ್ಲ, ವಕೀಲರಿಂದ ಬರವಣಿಗೆಯಲ್ಲಿ ಬರಲಿ ಎಂದು ರಾಜಶೇಖರ ಹೇಳಿದರು. 20-12-2004ಕ್ಕೆ ಮೊದಲು ಈ ಮನೆತನದಲ್ಲಿ ನೋಂದಾಯಿತ ವಿಭಾಗವಾಗಲಿ ಕೋರ್ಟಿನ ಡಿಕ್ರಿಯಾಗಲಿ ಆಗಿದೆಯೇ ಎಂದು ಲೀಲಾ ಕೇಳಿದರು. ಆಗಿಲ್ಲ ಎಂದು ಅಜ್ಜಿ, ರಾಜಶೇಖರ, ಗಿರಿಜಾ ಮೂವರೂ ಹೇಳಿದರು.

ಗಿರಿಜಾ: "ಭಾಗ ಎಷ್ಟು ಅಂತ ತಿಳಿದ ಮೇಲೆ ತಗೊಳ್ಳೋದೋ ಬಿಡೋದೋ ಹೇಳ್ತೀನಿ. ಈಗಲೇ ಹಕ್ಕು ಬಿಡುಗಡೆ ಮಾಡ್ತೀನಿ ಅಂತ ನಾನು ಯಾರಿಗೂ ಹೇಳಿಲ್ಲ." ಶಾಂತಲಾ: "ನೋಡೋಣ." ಇದು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಇಂಗ್ಲಿಷಿನಲ್ಲಿ 'ನಾಟ್ ಡಿಸೈಡೆಡ್' ಎಂದಿದೆ.

ಬಸವರಾಜು ಅವರ ಪಾಲಿನ ಬಗ್ಗೆ ಒಂದು ಅಂಶ ಬಂತು. ಅವರು 2018ರಲ್ಲಿ ತೀರಿಕೊಂಡಾಗ ಅಜ್ಜಿ ಇದ್ದರು. ಮಗನ ಆಸ್ತಿಗೆ ಹೆಂಡತಿ ಮಕ್ಕಳ ಜೊತೆ ತಾಯಿಯೂ ಮೊದಲ ದರ್ಜೆಯ ವಾರಸುದಾರಳು ಎಂದು ಪ್ರಮೋದ್ ತಾವೇ ಹೇಳಿದರು. ಹಾಗಾಗಿ ಆ ಭಾಗ ಲೀಲಾ ಮತ್ತು ಪ್ರಮೋದ್ ಇಬ್ಬರಿಗೇ ಎಂದು ಈಗಲೇ ಬರೆಯಲು ಆಗುವುದಿಲ್ಲ. ತಮಗೆ ಹೊರೆಯಾಗುವ ವಿಷಯವನ್ನು ಪ್ರಮೋದ್ ತಾನಾಗಿ ಮುಂದಿಟ್ಟದ್ದನ್ನು ದಾಖಲಿಸಲೇಬೇಕು ಅನ್ನಿಸಿತು.

*ಬೋರ್‌ವೆಲ್ ಖರ್ಚು*

2019ರಲ್ಲಿ ಬೋರ್‌ವೆಲ್‌ಗೆ 1,90,000, ಮೋಟಾರ್ ಮತ್ತು ಪೈಪಿಗೆ 85,000, ಹನಿ ನೀರಾವರಿಗೆ 1,10,000, ಒಟ್ಟು 3,85,000 ರೂಪಾಯಿ ಹಾಕಿದ್ದೇನೆ, ಭಾಗದ ವೇಳೆ ಇದನ್ನು ಗಣನೆಗೆ ತಗೊಳ್ಳಬೇಕು ಎಂದು ರಾಜಶೇಖರ ಹೇಳಿದರು. ಮೋಟಾರ್, ಪೈಪು, ಹನಿ ನೀರಾವರಿಯ ಬಿಲ್ಲುಗಳನ್ನು (1,95,000) ತೋರಿಸಿದರು. ಬೋರ್ ಕೊರೆಸಿದ್ದಕ್ಕೆ ಬಿಲ್ಲು ಇಲ್ಲ, ನಗದು ಕೊಟ್ಟದ್ದು ಎಂದರು. 2009ರಿಂದ ತೋಟದ ಕೊಬ್ಬರಿಯ ಆದಾಯವೂ ಅವರ ಕೈಗೇ ಬಂದಿದೆ, ಎರಡನ್ನೂ ಒಟ್ಟಿಗೆ ನೋಡಬೇಕು ಎಂದು ಗಿರಿಜಾ ಹೇಳಿದರು. ಆಳು, ಗೊಬ್ಬರ, ಅಜ್ಜಿಯ ಆಸ್ಪತ್ರೆ ಖರ್ಚೂ ಅದರಲ್ಲೇ ಹೋಗಿದೆ ಎಂದು ಹರೀಶ ಹೇಳಿದರು. ಇಲ್ಲಿ ಸುಮಾರು ಹತ್ತು ನಿಮಿಷ ಮಾತು ಜೋರಾಯಿತು. ಆ ಮಾತುಗಳನ್ನು ನಾನು ಬರೆದಿಲ್ಲ, ಬರೆಯುವುದೂ ಇಲ್ಲ. ಅದರಲ್ಲಿ ಆಸ್ತಿಗೆ ಸಂಬಂಧಿಸಿದ್ದು ಇಷ್ಟೇ: ಮೂರು ವರ್ಷದ ಮಂಡಿ ಪಟ್ಟಿಗಳನ್ನು ಕೊಡಲು ರಾಜಶೇಖರ ಒಪ್ಪಿದರು. 3,85,000 ಪೂರ್ತಿ ಅಂಗೀಕಾರ ಎಂದು ಯಾರೂ ಹೇಳಿಲ್ಲ. ತಿರಸ್ಕಾರ ಎಂದೂ ಹೇಳಿಲ್ಲ.

*ಸಾಲ, ಗಡಿ*

ಸಹಕಾರ ಸಂಘದ 2,00,000 ಬೆಳೆ ಸಾಲ ತೋಟದ ಪಹಣಿಯಲ್ಲಿ ನಮೂದಾಗಿದೆ. ಬಾಕಿ ಸುಮಾರು 1,60,000 ಎಂದು ಹರೀಶ ಹೇಳಿದರು. ಪಾಸ್‌ಬುಕ್ ಅಲ್ಲಿ ಇರಲಿಲ್ಲ. ಪೂರ್ವದ ಬೇಲಿಯನ್ನು ಪಕ್ಕದ ಜಮೀನಿನವರು ಒಳಗೆ ಸರಿಸಿದ್ದಾರೆ ಎಂಬ ಅನುಮಾನವನ್ನೂ ಅವರೇ ಹೇಳಿದರು. ಇದಕ್ಕೆ ಹದ್ದುಬಸ್ತು ಅರ್ಜಿ ಹಾಕುವುದೆಂದು ಎಲ್ಲರೂ ಒಪ್ಪಿದರು. ಜಮೀನು ತುಂಡು ತುಂಡಾಗಿ ಭಾಗವಾಗುವುದಾದರೆ 11ಇ ನಕ್ಷೆಯೂ ಬೇಕಾಗುತ್ತದೆ.

*ಶಾಂತಲಾ ಅವರ ಸಹಿ*

ಜುಲೈನಲ್ಲಿ ಬರುವ ಯೋಚನೆ ಇದೆ ಎಂದರು, ಟಿಕೆಟ್ ಆಗಿಲ್ಲ. ಬರಲಾಗದಿದ್ದರೆ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ಮುಖ್ತ್ಯಾರ್‌ನಾಮೆ ಮಾಡಿಸಿ ಕಳಿಸಬಹುದು. ಅದು ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಛಾಪಾ ಕಾಗದದ ಶುಲ್ಕ ಕಟ್ಟಬೇಕು. ಯಾರ ಹೆಸರಿಗೆ ಎಂದು ಅವರು ಹೇಳಿಲ್ಲ, ಯಾರೂ ಕೇಳಲಿಲ್ಲ.

*ಇದುವರೆಗೆ ತೀರ್ಮಾನವಾದದ್ದು*

ಎಂಟು ಜನರ ಮುಂದೆ ಓದಿ ಹೇಳಿ, ಎಲ್ಲರೂ ಹೂಂ ಎಂದದ್ದನ್ನು ಮಾತ್ರ 'ತೀರ್ಮಾನ' ಎಂದಿದ್ದೇನೆ. ಅಜ್ಜಿ ಇರುವವರೆಗೆ ಮನೆ ಮಾರುವುದಿಲ್ಲ. ಹರೀಶ ಜನವರಿ 31ರೊಳಗೆ ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕುತ್ತಾರೆ. ಅದರಲ್ಲಿ ಹೆಣ್ಣುಮಕ್ಕಳಿಬ್ಬರ ಹೆಸರೂ, ಬಸವರಾಜು ಅವರ ವಾರಸುದಾರರ ಹೆಸರೂ ಇರಬೇಕು, ಕೊಡುವ ಮೊದಲು ಈ ಗುಂಪಿಗೆ ಫೋಟೋ ಹಾಕಬೇಕು. ಪ್ರಮೋದ್ 1978ರ ಕ್ರಯಪತ್ರದ ದೃಢೀಕೃತ ನಕಲು ಮತ್ತು ಮೂರೂ ಸ್ವತ್ತಿನ ಋಣಭಾರ ಪತ್ರ ತೆಗೆಸುತ್ತಾರೆ. ರಾಜಶೇಖರ ಮಂಡಿ ಪಟ್ಟಿ ಮತ್ತು ಸಂಘದ ಪಾಸ್‌ಬುಕ್ಕಿನ ಪ್ರತಿ ಕೊಡುತ್ತಾರೆ. ತಿಪಟೂರಿನಲ್ಲಿ ಯಾರ ಕಡೆಯವರೂ ಅಲ್ಲದ ಒಬ್ಬ ವಕೀಲರಿಂದ ಎಲ್ಲರ ಪಾಲಿನ ಬಗ್ಗೆ ಬರಹದಲ್ಲಿ ಅಭಿಪ್ರಾಯ ತಗೊಳ್ಳುವುದು. ಶುಲ್ಕವನ್ನು ರಾಜಶೇಖರ, ಗಿರಿಜಾ, ಶಾಂತಲಾ, ಲೀಲಾ ನಾಲ್ವರೂ ಸಮನಾಗಿ ಹಂಚಿಕೊಳ್ಳುವುದು. ಅಲ್ಲಿಯವರೆಗೆ ಯಾರೂ ಜಮೀನನ್ನು ಅಡವಿಡುವುದಾಗಲಿ, ಮುಂಗಡ ಪಡೆಯುವುದಾಗಲಿ ಮಾಡುವಂತಿಲ್ಲ. ಕೊನೆಯದನ್ನು ಗಿರಿಜಾ ಸೂಚಿಸಿದರು, ರಾಜಶೇಖರ ಕೂಡಲೇ ಒಪ್ಪಿದರು.

ಪಾಲಿನ ಪ್ರಮಾಣ, ಬೋರ್‌ವೆಲ್ ಲೆಕ್ಕ, ರಾಗಿ ಹೊಲದ ಸ್ವರೂಪ, ಹಕ್ಕು ಬಿಡುಗಡೆ, ಅಜ್ಜಿಯ ತಿಂಗಳ ಮೊತ್ತ ಇವು ಯಾವುವೂ ತೀರ್ಮಾನವಾಗಿಲ್ಲ.

ಇದು ವಿಭಾಗಪತ್ರ ಅಲ್ಲ, ಪಾರಿಖತ್ತೂ ಅಲ್ಲ. ಇದಕ್ಕೆ ಯಾರೂ ಸಹಿ ಹಾಕುತ್ತಿಲ್ಲ. ಭಾಗವಾಗುವುದಾದರೆ ಅದು ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾದ ಪತ್ರದಿಂದಲೇ ಆಗಬೇಕು. ದಯವಿಟ್ಟು ಈ ಸಂದೇಶವನ್ನು ಗುಂಪಿನ ಹೊರಗೆ ಯಾರಿಗೂ ಕಳಿಸಬೇಡಿ. ವಕೀಲರಿಗೆ ಕೊಡುವ ಪ್ರತಿಯನ್ನು ಎಲ್ಲರ ತಿದ್ದುಪಡಿ ಮುಗಿದ ಮೇಲೆ ನಾನೇ ಕಳಿಸುತ್ತೇನೆ.

ಶಾಂತಲಾ ಚಿಕ್ಕಮ್ಮನ ಮಕ್ಕಳಿಗೆ ಕನ್ನಡ ಓದಲು ಬಾರದ್ದರಿಂದ ಇಂಗ್ಲಿಷ್ ಪ್ರತಿಯನ್ನು ಪಿಡಿಎಫ್ ಮಾಡಿ ಇದರ ಕೆಳಗೇ ಹಾಕುತ್ತಿದ್ದೇನೆ. ಎರಡರಲ್ಲೂ ಪರಿಚ್ಛೇದಗಳು ಒಂದೇ ಕ್ರಮದಲ್ಲಿವೆ. 'ಒಪ್ಪಿದರು' ಇದ್ದಲ್ಲಿ ಮಾತ್ರ 'ಅಗ್ರೀಡ್' ಇದೆ. 'ಯಾರೂ ಬೇಡ ಅನ್ನಲಿಲ್ಲ' ಎಂಬುದಕ್ಕೆ 'ನೋ ಅಬ್ಜೆಕ್ಷನ್ ವಾಸ್ ರೈಸ್ಡ್' ಎಂದಿದೆ. 'ಹಕ್ಕು ಬಿಡುಗಡೆ'ಗೆ 'ರಿಲೀಸ್', ದಾನ ಎಂಬ ಅರ್ಥ ಬರುವ 'ಗಿಫ್ಟ್' ಎಲ್ಲೂ ಇಲ್ಲ. ಅಜ್ಜಿಯ ಎರಡು ವಾಕ್ಯಗಳನ್ನು ಅನುವಾದದ ಜೊತೆ ಮೂಲದಲ್ಲೂ ಇಟ್ಟಿದ್ದೇನೆ. ಎರಡು ಪ್ರತಿಗಳಿಗೆ ವ್ಯತ್ಯಾಸ ಕಂಡರೆ ಕನ್ನಡದ್ದನ್ನೇ ಹಿಡಿಯಿರಿ, ಏಕೆಂದರೆ ಮಾತು ನಡೆದದ್ದು ಕನ್ನಡದಲ್ಲಿ.

ತಿದ್ದುಪಡಿ ಇದ್ದರೆ ಭಾನುವಾರ ಜನವರಿ 19, ರಾತ್ರಿ 8ರೊಳಗೆ ಇಲ್ಲೇ ಗುಂಪಿನಲ್ಲಿ ಬರೆಯಿರಿ. ನನಗೆ ಪ್ರತ್ಯೇಕವಾಗಿ ಹೇಳಿದ್ದನ್ನು ಸೇರಿಸುವುದಿಲ್ಲ, ಎಲ್ಲರಿಗೂ ಕಾಣುವಂತೆ ಇರಲಿ. ನೀವು ಆಡಿದ ಮಾತನ್ನು ನಾನು ತಪ್ಪಾಗಿ ಬರೆದಿದ್ದರೆ ತಿದ್ದುತ್ತೇನೆ. ಆಡಿದ ಮೇಲೆ ಮನಸ್ಸು ಬದಲಾಗಿದ್ದರೆ ಮೊದಲಿನದನ್ನು ಅಳಿಸದೆ, ಅದರ ಕೆಳಗೆ ದಿನಾಂಕದೊಂದಿಗೆ ಸೇರಿಸುತ್ತೇನೆ. ಮುಂದಿನ ಮಾತುಕತೆ ಫೆಬ್ರವರಿ 23, ಭಾನುವಾರ, ಇದೇ ಹೊತ್ತಿಗೆ.

ಅಜ್ಜಿಗೆ ನಾಳೆ ಸಂಜೆ 6ಕ್ಕೆ ಫೋನ್ ಮಾಡಿ ಪೂರ್ತಿ ಓದಿ ಹೇಳುತ್ತೇನೆ. ಹರೀಶಣ್ಣ, ಆ ಹೊತ್ತಿಗೆ ಫೋನನ್ನು ಸ್ಪೀಕರಿಗೆ ಹಾಕಿ ಅವರ ಹತ್ತಿರ ಇಡು. ಕೇಳಲು ಇಷ್ಟವಿರುವವರು ಪಕ್ಕದಲ್ಲಿ ಕೂರಬಹುದು.

ಪಲ್ಲವಿ