‘ಪದ್ಧತಿ’ ತಿದ್ದಿದ್ದೇನೆ, ‘ಉಳ್ಳಾಗಡ್ಡಿ’ ಹಾಗೇ ಇರಲಿ

ನಮಸ್ಕಾರ ಸರ್,

ಎಣ್ಣೆಗಾಯಿ ಬಗ್ಗೆ ನಾನು ಬರೆದದ್ದನ್ನು ಕೊನೆಯ ಸಾಲಿನವರೆಗೂ ಓದಿ, ನಾಲ್ಕು ಕಡೆ ಗುರುತು ಹಾಕಿ ಕಳಿಸಿದ್ದೀರಿ. ಇಷ್ಟು ಗಮನ ಕೊಟ್ಟು ಓದುವವರು ಸಿಗುವುದೇ ಕಷ್ಟ. ತುಂಬಾ ಥ್ಯಾಂಕ್ಸ್.

ಮೊದಲ ಎರಡು ನನ್ನದೇ ತಪ್ಪು. ‘ಪದ್ದತಿ’ ಅಂತ ಬರೆದಿದ್ದೆ. ಅದು ‘ಪದ್ಧತಿ’ ಆಗಬೇಕು. ಪದ್ ಮತ್ತು ಹತಿ ಸೇರಿ ಆದ ಪದ, ಆ ಹಕಾರವೇ ಧಕಾರವಾಗಿ ನಿಂತಿದೆ ಎಂದು ನೀವು ಬಿಡಿಸಿ ಹೇಳಿದ ಮೇಲೆ ಇನ್ನು ಮರೆಯುವುದಿಲ್ಲ. ‘ಕನಿಷ್ಟ ಹತ್ತು ನಿಮಿಷ ಬೇಯಲಿ’ ಅನ್ನೋದೂ ಅಷ್ಟೇ. ನನಗೆ ಯಾವಾಗಲೂ ಟ ಬರೆಯಬೇಕೋ ಠ ಬರೆಯಬೇಕೋ ಎಂಬ ಅನುಮಾನ. ನೀವು ಹೇಳಿದ ಮೇಲೆ ಕೂತು ಯೋಚಿಸಿದೆ. ಕನಿಷ್ಠ, ಗರಿಷ್ಠ, ಶ್ರೇಷ್ಠ, ಇವೆಲ್ಲ ‘ಎಲ್ಲಕ್ಕಿಂತ’ ಎಂಬ ಅರ್ಥ ಇರುವ ಪದಗಳು, ಇವಕ್ಕೆ ಠ. ಇಷ್ಟ, ಕಷ್ಟ, ನಷ್ಟ, ವಿಶಿಷ್ಟ, ಇವಕ್ಕೆ ಟ. ಹೀಗೆ ನೆನಪಿಟ್ಟುಕೊಂಡಿದ್ದೇನೆ. ಎರಡೂ ಕಡೆ ತಿದ್ದಿ ಆಯಿತು.

ಆದರೆ ‘ಉಳ್ಳಾಗಡ್ಡಿ’ ತಿದ್ದುವುದಿಲ್ಲ ಸರ್.

ಅದು ಆಡುಮಾತಿನಲ್ಲಿ ಕೆಟ್ಟ ರೂಪ, ತೆಲುಗಿನಿಂದ ಬಂದಿರಬೇಕು, ಬರವಣಿಗೆಯಲ್ಲಿ ‘ಈರುಳ್ಳಿ’ ಸರಿ ಅಂದಿದ್ದೀರಿ. ಪದವನ್ನು ಸ್ವಲ್ಪ ಬಿಡಿಸಿ ನೋಡಿ. ಉಳ್ಳಿ, ಗಡ್ಡೆ. ಎರಡೂ ಅಚ್ಚ ಕನ್ನಡ. ನಿಮ್ಮ ಈರುಳ್ಳಿಯಲ್ಲಿ ಇರುವುದೂ ಅದೇ ಉಳ್ಳಿ. ಕರಾವಳಿಯವರ ನೀರುಳ್ಳಿಯಲ್ಲೂ ಅದೇ. ಬೆಳ್ಳಗಿನ ಉಳ್ಳಿ ಬೆಳ್ಳುಳ್ಳಿ ಆಯಿತು, ನಮ್ಮ ಕಡೆ ಬಾಯಲ್ಲಿ ಅದು ಬಳ್ಳೊಳ್ಳಿ. ತೆಲುಗಿನಲ್ಲೂ ಉಲ್ಲಿಗಡ್ಡ ಅನ್ನುತ್ತಾರೆ, ನಿಜ. ಮಲಯಾಳದಲ್ಲೂ ಉಳ್ಳಿ ಇದೆ, ತಮಿಳಿನಲ್ಲೂ ಇದೆ. ಅಕ್ಕತಂಗಿ ಭಾಷೆಗಳ ಮನೆಯಲ್ಲಿ ಒಂದೇ ಪಾತ್ರೆ ಇದ್ದರೆ ಅದನ್ನು ಸಾಲ ತಂದದ್ದು ಅನ್ನೋಕೆ ಆಗಲ್ಲ ಅಲ್ವಾ?

ಇದಕ್ಕೆ ಇನ್ನೊಂದು ಕಾರಣವೂ ಇದೆ. ನಾನು ಗದಗದ ಕಡೆಯವಳು. ಆರನೇ ಕ್ಲಾಸಿಗೆ ಬೆಂಗಳೂರಿಗೆ ಬಂದೆ. ‘ನಮ್ಮ ಮನೆಯ ಊಟ’ ಅಂತ ಪ್ರಬಂಧ ಬರೆಯಲು ಹೇಳಿದ್ದರು. ಹೊಲದಿಂದ ಬಂದ ಅಪ್ಪ ಉಳ್ಳಾಗಡ್ಡಿಯನ್ನು ನೆಲದ ಮೇಲಿಟ್ಟು ಮುಷ್ಟಿಯಿಂದ ಒಂದೇ ಏಟಿಗೆ ಗುದ್ದುತ್ತಿದ್ದುದು, ಅದು ಪದರ ಪದರ ಬಿಚ್ಚಿ ಹತ್ತಿರ ಕೂತ ನಮ್ಮ ಕಣ್ಣಿಗೆ ರಸ ಹಾರುತ್ತಿದ್ದುದು, ಅದನ್ನೇ ರೊಟ್ಟಿ ಜೊತೆ ತಿನ್ನುತ್ತಿದ್ದುದು, ಎಲ್ಲ ಬರೆದಿದ್ದೆ. ಪುಸ್ತಕ ವಾಪಸ್ ಬಂದಾಗ ಆ ಪದದ ಮೇಲೆ ಐದು ಕಡೆ ಕೆಂಪು ಗೀಟು. ಆಮೇಲೆ ಎಷ್ಟೋ ವರ್ಷ ಈರುಳ್ಳಿ ಅಂತಲೇ ಬರೆದೆ, ಅಂತಲೇ ಮಾತಾಡಿದೆ. ರಜೆಗೆ ಊರಿಗೆ ಹೋದಾಗ ಅವ್ವನ ಮುಂದೆಯೂ ಬಾಯಿಗೆ ಅದೇ ಬಂದುಬಿಟ್ಟಿತು. ಅವಳು ಏನೂ ಅನ್ನಲಿಲ್ಲ, ಸುಮ್ನೆ ನನ್ನ ಮುಖ ನೋಡಿದಳು. ಅದಕ್ಕೇ ಅವ್ವನ ಅಡುಗೆ ಬರೆಯುವಾಗ ಅವ್ವನ ಪದವನ್ನೇ ಬರೆಯುತ್ತೇನೆ. ಓದುವವರಿಗೆ ತೊಡಕಾಗಬಾರದು ಎಂಬ ನಿಮ್ಮ ಮಾತು ಮಾತ್ರ ಒಪ್ಪುತ್ತೇನೆ. ಮೊದಲ ಸಲ ಬರುವಲ್ಲಿ ‘ಉಳ್ಳಾಗಡ್ಡಿ, ಅಂದರೆ ಈರುಳ್ಳಿ’ ಅಂತ ಸೇರಿಸಿದ್ದೇನೆ. ‘ಗುರೆಳ್ಳು’ ಯಾವುದು ಅಂತಲೂ ಕೇಳಿದ್ದಿರಿ. ಅದು ನಿಮ್ಮ ಕಡೆಯ ಹುಚ್ಚೆಳ್ಳು. ಅದನ್ನೂ ಬರೆದಿದ್ದೇನೆ.

ಇನ್ನು ‘ಅವ್ವ ಹೇಳುತ್ತಿದ್ದಳು’. ಹಿರಿಯರಿಗೆ ಏಕವಚನ ಬೇಡ, ‘ಹೇಳುತ್ತಿದ್ದರು’ ಇರಲಿ ಅಂದಿದ್ದೀರಿ. ನಿಮ್ಮ ಕಳಕಳಿ ಅರ್ಥವಾಗುತ್ತದೆ. ಆದರೆ ನಮ್ಮ ಮನೆಯಲ್ಲಿ ಅಪ್ಪ ‘ಬಂದರು’, ಅವ್ವ ‘ಬಂದಳು’. ಅವ್ವನಿಗೆ ಮರ್ಯಾದೆ ಕಡಿಮೆ ಅಂತಲ್ಲ. ಅವಳ ಹತ್ತಿರ ಮಾತಾಡುವಾಗ ನಡುವೆ ಬಹುವಚನದ ಗೋಡೆ ಬೇಕಾಗಲಿಲ್ಲ, ಅಷ್ಟೇ. ವಚನಕಾರರು ತಮ್ಮ ದೇವರನ್ನೇ ‘ನೀನು’ ಅಂದರು. ಅತ್ತೆಯವರ ಬಗ್ಗೆ, ಪಕ್ಕದ ಮನೆಯ ಅಜ್ಜಿಯ ಬಗ್ಗೆ ಬರೆದ ಕಡೆಯೆಲ್ಲ ‘ಅಂದರು’ ಅಂತಲೇ ಇದೆ, ಇನ್ನೊಮ್ಮೆ ನೋಡಿ. ಅವ್ವನನ್ನು ‘ಅವರು’ ಮಾಡಿದರೆ ನನಗೆ ಅವಳು ಬೇರೆ ಯಾರೋ ಆಗಿಬಿಡುತ್ತಾಳೆ.

ಮುಂದಿನ ವಾರ ಜೋಳದ ರೊಟ್ಟಿ ಬಗ್ಗೆ ಬರೆಯುತ್ತಿದ್ದೇನೆ. ಅದರಲ್ಲಿ ರೊಟ್ಟಿ ‘ಬಡಿಯುವುದು’ ಅಂತಲೇ ಇರುತ್ತದೆ, ‘ತಟ್ಟುವುದು’ ಅಂತ ಇರುವುದಿಲ್ಲ. ಬೆಳಿಗ್ಗೆ ಪಕ್ಕದ ಓಣಿಗೂ ಕೇಳುವ ಸಪ್ಪಳ ಅದು. ಅದನ್ನೂ ಓದಿ. ಅಲ್ಪಪ್ರಾಣ, ಮಹಾಪ್ರಾಣ ಎಲ್ಲಾದರೂ ತಪ್ಪಿದ್ದರೆ ಖಂಡಿತ ಹೇಳಿ, ಅವತ್ತೇ ತಿದ್ದುತ್ತೇನೆ.