ನಮ್ಮ ಚಾಟ್‌ಬಾಟ್: ಏನು ಕೇಳಬಹುದು, ಯಾವಾಗ ಸಿಬ್ಬಂದಿಯನ್ನೇ ಕೇಳಬೇಕು?

ಇದರಿಂದ ಏನೇನು ಆಗುತ್ತದೆ?
ಬ್ಯಾಲೆನ್ಸ್, ಇತ್ತೀಚಿನ ವಹಿವಾಟು, ಚೆಕ್ ಬುಕ್ ಕೋರಿಕೆ, ಹತ್ತಿರದ ಶಾಖೆಯ ವಿಳಾಸ. ಕಾರ್ಡ್ ಕಳೆದರೆ ತಕ್ಷಣ ಬ್ಲಾಕ್ ಮಾಡಲೂಬಹುದು, ನಡುರಾತ್ರಿಯಾದರೂ ಸರಿ.

ಕನ್ನಡದಲ್ಲಿ ಬರೆಯಬಹುದಾ?
ಖಂಡಿತ. "ದುಡ್ಡು ಎಷ್ಟಿದೆ" ಅಂದರೂ ಅರ್ಥವಾಗುತ್ತದೆ. ತುಂಬಾ ಉದ್ದಕ್ಕೆ ಬರೆದರೆ ಮಾತ್ರ ಕೆಲವೊಮ್ಮೆ ತಡವರಿಸುತ್ತದೆ.

ಎಟಿಎಂನಲ್ಲಿ ಹಣ ಬರಲಿಲ್ಲ, ಖಾತೆಯಲ್ಲಿ ಕಡಿತವಾಗಿದೆ. ಇಲ್ಲೇ ಹೇಳಬಹುದಾ?
ದೂರು ದಾಖಲಿಸಿ, ಸಂಖ್ಯೆ ಬರೆದಿಟ್ಟುಕೊಳ್ಳಿ. ವಹಿವಾಟಿನ ದಿನ ಬಿಟ್ಟು 5 ದಿನದೊಳಗೆ ಹಣ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. 5 ದಿನ ದಾಟಿದರೆ ಚಾಟ್‌ನಲ್ಲಿ ಸುಮ್ನೆ ಕೇಳುತ್ತಾ ಕೂರಬೇಡಿ, ಸಿಬ್ಬಂದಿಯನ್ನು ಕೇಳಿ.

ಯಾರೋ ಮೋಸ ಮಾಡಿ ಹಣ ತೆಗೆದಿದ್ದಾರೆ!
ಚಾಟ್‌ಬಾಟ್‌ನಲ್ಲಿ ಕಾರ್ಡ್ ಬ್ಲಾಕ್ ಮಾಡಿ. ಮಿಕ್ಕ ಮಾತು ಅಲ್ಲಿ ಬೇಡ. ಕೂಡಲೇ ನಿಮ್ಮ ಕಾರ್ಡಿನ ಹಿಂದಿರುವ ನಂಬರಿಗೆ ಕರೆ ಮಾಡಿ, ಜೊತೆಗೆ ಸೈಬರ್ ಸಹಾಯವಾಣಿ 1930ಕ್ಕೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ.

ಮನುಷ್ಯರ ಜೊತೆ ಮಾತಾಡೋದು ಹೇಗೆ?
"ಸಿಬ್ಬಂದಿ" ಎಂದು ಟೈಪ್ ಮಾಡಿ. ಕಾರಣ ಹೇಳಬೇಕಿಲ್ಲ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ನಮ್ಮವರು ಇರುತ್ತಾರೆ. ಸಾಲದ ಕಂತು ಕಟ್ಟಲು ಕಷ್ಟವಾದಾಗ, ಖಾತೆದಾರರು ತೀರಿಕೊಂಡಾಗ ನೇರವಾಗಿ ಅವರನ್ನೇ ಕೇಳಿ. ಇಂಥ ವಿಷಯ ಯಂತ್ರಕ್ಕೆ ವಿವರಿಸುವುದು ಯಾರಿಗೂ ಬೇಡ, ಅಲ್ವಾ?

ಒಟಿಪಿ ಕೇಳಿದರೆ?
ಚಾಟ್‌ಬಾಟ್ ಆಗಲಿ, ನಮ್ಮ ಸಿಬ್ಬಂದಿಯಾಗಲಿ ಒಟಿಪಿ, ಪಿನ್ ಕೇಳುವುದಿಲ್ಲ. ಕೇಳಿದರೆ ಅವರು ನಮ್ಮವರಲ್ಲ.