ವಿಷಯ: ನಮ್ಮ ಶೇಂಗಾ ಎಣ್ಣೆಗೆ ಹೊಸ ಲೋಗೋ, ಹೊಸ ಪ್ಯಾಕ್ – ಡಿಸೈನ್ ಬ್ರೀಫ್

ನಮಸ್ಕಾರ ಸರ್,

ಸೋಮವಾರ ಫೋನಿನಲ್ಲಿ ಮಾತಾಡಿದ ಹಾಗೆ ಬ್ರೀಫ್ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಇದೆ. ನಿಮ್ಮಲ್ಲಿ ಚಿತ್ರ ಬಿಡಿಸುವವರು, ಅಕ್ಷರ ಬರೆಯುವವರು, ಪ್ರಿಂಟಿಂಗ್ ನೋಡಿಕೊಳ್ಳುವವರು ಎಲ್ಲರೂ ಒಮ್ಮೆ ಪೂರ್ತಿ ಓದಲಿ.

ಇದುವರೆಗೆ ನಮ್ಮ ವ್ಯಾಪಾರ ಹೆಚ್ಚಾಗಿ 15 ಕೆಜಿ ಟಿನ್ನಿನದು. ಚಳ್ಳಕೆರೆ, ಚಿತ್ರದುರ್ಗ, ದಾವಣಗೆರೆಯ ಹೋಟೆಲಿನವರು, ಮಿರ್ಚಿ-ಮಂಡಕ್ಕಿ ಅಂಗಡಿಯವರು ಕೊಳ್ಳುತ್ತಾರೆ. ಅವರು ಲೋಗೋ ನೋಡಿ ಕೊಳ್ಳುವವರಲ್ಲ. ಎಣ್ಣೆ ಕಾಯಿಸಿದಾಗ ಬರುವ ವಾಸನೆ ನೋಡಿ ಕೊಳ್ಳುತ್ತಾರೆ. ಈಗ ಅರ್ಧ ಲೀಟರ್, ಒಂದು ಲೀಟರ್ ಪಾಕೀಟು ಮತ್ತು ಐದು ಲೀಟರ್ ಕ್ಯಾನ್ ಮಾಡಿ ಕಿರಾಣಿ ಅಂಗಡಿಗೆ ಇಳಿಯುತ್ತಿದ್ದೇವೆ. ಅಲ್ಲಿ ಪಾಕೀಟು ಒಡೆದು ವಾಸನೆ ತೋರಿಸಲು ಆಗುವುದಿಲ್ಲ ಅಲ್ವಾ? ಪಕ್ಕದಲ್ಲೇ ಸೂರ್ಯಕಾಂತಿ ಎಣ್ಣೆಯ ಪಾಕೀಟುಗಳು ಮಿಂಚುತ್ತಿರುತ್ತವೆ. ನಮ್ಮದು ಬೇರೆ ಅನ್ನುವುದು ನೋಡಿದ ಕೂಡಲೇ ತಿಳಿಯಬೇಕು.

ಇನ್ನೊಂದು ತೊಂದರೆ. ಟಿನ್ನಿನ ಮೇಲೆ ಒಂದು ಕೆಂಪು, ಲಾರಿಯ ಮೇಲೆ ಇನ್ನೊಂದು ಕೆಂಪು, ಬಿಲ್ ಬುಕ್ಕಿನಲ್ಲಿ ಹಸಿರು. ಅಕ್ಷರ ಒಂದೊಂದು ಕಡೆ ಒಂದೊಂದು ಥರ. ಮೂರನ್ನೂ ಒಟ್ಟಿಗೆ ಇಟ್ಟರೆ ಒಂದೇ ಮಿಲ್ಲಿನವು ಅಂತ ಯಾರೂ ಹೇಳಲಾರರು.

ಹೆಸರು ಬದಲಾಗುವುದಿಲ್ಲ. ಹಳೇ ಲೇಬಲ್‌ನಲ್ಲಿರುವ ಶೇಂಗಾ ಗಿಡವೂ ಹೋಗಬಾರದು. ಓದಲು ಬಾರದವರು ಎಷ್ಟೋ ಜನ 'ಗಿಡದ ಎಣ್ಣೆ ಕೊಡಿ' ಅಂತಲೇ ಕೇಳುತ್ತಾರೆ. ದುಡ್ಡು ಕೊಟ್ಟರೂ ಸಿಗದ ಗುರುತು ಅದು. ಆದರೆ ಈಗಿನ ಚಿತ್ರ ತಪ್ಪಾಗಿದೆ. ಬೇರಿನ ತುದಿಗೇ ಕಾಯಿ ಕಟ್ಟಿದ ಹಾಗೆ ಬಿಡಿಸಿದ್ದಾರೆ. ಶೇಂಗಾ ಹಾಗೆ ಬೆಳೆಯುವುದಿಲ್ಲ. ಹಳದಿ ಹೂವು ಮಣ್ಣಿನ ಮೇಲೆ ಅರಳುತ್ತದೆ. ಆಮೇಲೆ ಅದರಿಂದ ಸೂಜಿಯಂಥ ಎಳೆಯೊಂದು ಕೆಳಗಿಳಿದು ಮಣ್ಣಿಗೆ ಚುಚ್ಚಿಕೊಳ್ಳುತ್ತದೆ. ಅದರ ತುದಿಯಲ್ಲಿ ಕಾಯಿ ಕಟ್ಟುತ್ತದೆ. ಎಲೆಯಲ್ಲಿ ಎರಡೆರಡರಂತೆ ನಾಲ್ಕು ಎಸಳು ಇರುತ್ತವೆ. ಇಂಟರ್ನೆಟ್ಟಿನಲ್ಲಿ ಸಿಗುವ ಚಿತ್ರಗಳಲ್ಲಿ ಎಷ್ಟೋ ಕಡೆ ಇದು ಸರಿ ಇರುವುದಿಲ್ಲ. ನಮಗೆ ಶೇಂಗಾ ಕೊಡುವವರು ಹೊಲದಲ್ಲಿ ಅದನ್ನೇ ನೋಡುತ್ತಾ ಬೆಳೆದವರು. ಅವರ ಮುಂದೆ ತಪ್ಪು ಗಿಡ ಇಡುವುದು ನನಗೆ ಇಷ್ಟವಿಲ್ಲ. ಹೂವು, ಇಳಿಯುವ ಎಳೆ, ಕಾಯಿ ಮೂರೂ ಕಾಣುವಂತೆ, ಆದರೆ ಕಡಿಮೆ ಗೆರೆಗಳಲ್ಲಿ ಬಿಡಿಸಬಹುದಾ ನೋಡಿ. ಹೊಸ ಗುರುತಿನ ಜೀವ ಅಲ್ಲೇ ಇದೆ ಅಂತ ನನ್ನ ನಂಬಿಕೆ.

ಬೇಡದ್ದನ್ನೂ ಈಗಲೇ ಹೇಳಿಬಿಡುತ್ತೇನೆ. ಗಾಣ ಬೇಡ. ಎತ್ತು ಸುತ್ತುವ ಮರದ ಗಾಣದ ಚಿತ್ರ ಹಾಕಿದರೆ ಎಣ್ಣೆ ಜಾಸ್ತಿ ಮಾರಾಟವಾಗುತ್ತದೆ ಅಂತ ನಮಗೆ ಬೇರೆಯವರು ಹೇಳಿದ್ದಾರೆ. ಆದರೆ ನಮ್ಮದು ಎಕ್ಸ್‌ಪೆಲ್ಲರ್ ಮಿಲ್. ಶೇಂಗಾ ಬೀಜ ಯಂತ್ರದಲ್ಲಿ ಹಿಂಡಿ, ಸೋಸಿ, ತುಂಬುತ್ತೇವೆ. ರಿಫೈನ್ ಮಾಡುವುದಿಲ್ಲ, ಅದಕ್ಕೇ ಆ ವಾಸನೆ ಉಳಿಯುತ್ತದೆ. ಹೇಳಿಕೊಳ್ಳಲು ಇಷ್ಟು ನಿಜ ಇರುವಾಗ ಇಲ್ಲದ ಗಾಣ ಯಾಕೆ? ಕೋಟೆಯೂ ಬೇಡ, ಒನಕೆ ಓಬವ್ವನೂ ಬೇಡ. ಎರಡರ ಮೇಲೂ ನಮಗೆ ಅಭಿಮಾನವಿದೆ. ಆದರೆ ದುರ್ಗದಲ್ಲಿ ಲಾಡ್ಜಿನಿಂದ ಟೈರ್ ಅಂಗಡಿವರೆಗೆ ಅದೇ ಇದೆ, ನಮ್ಮ ಎಣ್ಣೆಗೆ ಅದರಿಂದ ಗುರುತು ಸಿಗುವುದಿಲ್ಲ. ಚಳ್ಳಕೆರೆಯನ್ನು ಜನ ಎಣ್ಣೆ ನಗರಿ ಅಂತ ಕರೆಯುವುದು ಇಲ್ಲಿನ ಮಿಲ್ಲುಗಳಿಂದ. ಆ ಊರಿನ ಹೆಸರು ಪ್ಯಾಕಿನ ಮುಂದೆಯೇ ಇರಲಿ, ಮೂಲೆಯಲ್ಲಲ್ಲ.

ಅಕ್ಷರದ ವಿಷಯ. ಲೋಗೋ ಮೊದಲು ಕನ್ನಡದಲ್ಲಿ ಹುಟ್ಟಬೇಕು. ಇಂಗ್ಲಿಷಿನಲ್ಲಿ ಮಾಡಿ, ಆಮೇಲೆ ಅದಕ್ಕೆ ಹೊಂದುವ ಕನ್ನಡ ಫಾಂಟ್ ಹುಡುಕುವುದು ಬೇಡ. ಕನ್ನಡದಲ್ಲಿ ಒತ್ತು ಕೆಳಗೆ ಬರುತ್ತದೆ, ಗುಣಿತದ ಗುರುತು ಮೇಲೆ ಬರುತ್ತದೆ. 'ಎಣ್ಣೆ' ಅನ್ನುವ ಒಂದು ಪದದಲ್ಲೇ ಎರಡೂ ಇವೆ. ಇಂಗ್ಲಿಷಿಗೆ ಅಂತ ಅಳೆದ ಪಟ್ಟಿಯಲ್ಲಿ ಅದನ್ನು ತುರುಕಿದರೆ ಅಕ್ಷರ ಚಿಕ್ಕದಾಗಿ ಒತ್ತು ಕಾಣದಂತಾಗುತ್ತದೆ. ಹೆಸರನ್ನು ಕೈಯಲ್ಲೇ ಬರೆಸಿ. ಉಳಿದ ಬರಹಕ್ಕೆ ಅನೆಕ್ ಕನ್ನಡ ಅಥವಾ ನೋಟೋ ಸಾನ್ಸ್ ಕನ್ನಡ ಥರದ ಮುಕ್ತ ಲೈಸೆನ್ಸಿನ ಯೂನಿಕೋಡ್ ಫಾಂಟ್ ಸಾಕು, ನಮ್ಮ ಆಫೀಸಿನವರೂ ಬಳಸಬಹುದು. ರಾಯದುರ್ಗ, ಕಲ್ಯಾಣದುರ್ಗದ ಕಡೆಗೂ ಮಾಲು ಹೋಗುತ್ತದೆ, ಹಾಗಾಗಿ ತೆಲುಗು ರೂಪವೂ ಬೇಕು. ಅದನ್ನು ತೆಲುಗು ಬಲ್ಲವರಿಂದಲೇ ಬರೆಸಿ.

ಪ್ರಿಂಟಿಂಗಿನಲ್ಲಿ ಹುಷಾರಾಗಿರಬೇಕು. ಪಾಕೀಟು ಗ್ರೇವಿಯರ್‌ನಲ್ಲಿ ಅಚ್ಚಾಗುತ್ತದೆ. ಪ್ರತಿ ಬಣ್ಣಕ್ಕೂ ಬೇರೆ ಸಿಲಿಂಡರ್, ಅಂದರೆ ಪ್ರತಿ ಬಣ್ಣಕ್ಕೂ ಬೇರೆ ಖರ್ಚು. ಐದು ಬಣ್ಣ ದಾಟಬೇಡಿ. ರಟ್ಟಿನ ಡಬ್ಬಿಯ ಮೇಲೆ ಒಂದೇ ಬಣ್ಣ, ಅಲ್ಲಿ ಮಸಿ ಹರಡುತ್ತದೆ, ಸಣ್ಣ ಗೆರೆ ಮುಚ್ಚಿಹೋಗುತ್ತದೆ. ಲೋಗೋವನ್ನು ಮೊದಲು ಕಪ್ಪು-ಬಿಳುಪಿನಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಗಾತ್ರದಲ್ಲಿ ತೋರಿಸಿ. ಅಲ್ಲಿ ನಿಂತರೆ ಎಲ್ಲ ಕಡೆಯೂ ನಿಲ್ಲುತ್ತದೆ.

ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್, ಹಸಿರು ಚುಕ್ಕೆ, ಎಂಆರ್‌ಪಿ, ಲೀಟರ್ ಜೊತೆಗೆ ತೂಕ, ಇವಕ್ಕೆಲ್ಲ ಮೊದಲೇ ಜಾಗ ಬಿಡಿ. ಕೊನೆಗೆ ತುರುಕುವ ಹಾಗಾಗಬಾರದು. 'ಹೃದಯಕ್ಕೆ ಹಿತ', 'ಕೊಲೆಸ್ಟ್ರಾಲ್ ಓಡಿಸುತ್ತದೆ' ಥರದ ಮಾತು ಎಲ್ಲೂ ಬರಬಾರದು. ಖಾದ್ಯ ತೈಲದ ಲೇಬಲ್ ಮೇಲೆ ಅಂಥ ಉತ್ಪ್ರೇಕ್ಷೆಗೆ ನಿಯಮದಲ್ಲೇ ಅವಕಾಶವಿಲ್ಲ. ಮಿಲ್ಲಿನ ಗೇಟಿನ ಬೋರ್ಡ್, ಡೀಲರ್ ಅಂಗಡಿ ಬೋರ್ಡುಗಳಲ್ಲಿ 60 ಶೇಕಡಾ ಜಾಗ ಕನ್ನಡಕ್ಕೆ, ಮೇಲ್ಭಾಗದಲ್ಲಿ. 2024ರ ಕಾನೂನು ಹಾಗಿದೆ. ಕಾನೂನು ಇಲ್ಲದಿದ್ದರೂ ನಾವು ಹಾಗೇ ಮಾಡುತ್ತಿದ್ದೆವು.

ಬೇಕಾದದ್ದು: ಲೋಗೋ, ಬಣ್ಣ ಮತ್ತು ಅಕ್ಷರದ ನಿಯಮ ಹೇಳುವ ಚಿಕ್ಕ ಕೈಪಿಡಿ, ಮೂರು ಪ್ಯಾಕು, ಟಿನ್, ರಟ್ಟಿನ ಡಬ್ಬಿ, ಬೋರ್ಡ್, ಲಾರಿ, ಬಿಲ್ ಬುಕ್. ಜಾಹೀರಾತು ಈಗ ಬೇಡ.

ಬಜೆಟ್ 6.5 ಲಕ್ಷ ರೂಪಾಯಿ, ಜಿಎಸ್‌ಟಿ ಬೇರೆ. ಸಿಲಿಂಡರ್ ಖರ್ಚು ನಮ್ಮದು. ಮೊದಲ ಸ್ಕೆಚ್‌ಗಳಿಗೂ ಹಣ ಕೊಡುತ್ತೇವೆ, ಸುಮ್ನೆ ಮಾಡಿಸಿಕೊಳ್ಳುವುದಿಲ್ಲ. ಸ್ಕೆಚ್ ಮೂರೇ ಇರಲಿ, ಆದರೆ ಒಂದಕ್ಕೊಂದು ನಿಜವಾಗಿಯೂ ಬೇರೆ ಇರಲಿ. ಕೊನೆಯ ಚಿತ್ರದ ಹಕ್ಕು ಪೂರ್ತಿ ನಮಗೆ ಬರೆದುಕೊಡಬೇಕು, ಟ್ರೇಡ್‌ಮಾರ್ಕ್ 29ನೇ ವರ್ಗದಲ್ಲಿ ಅರ್ಜಿ ಹಾಕುವುದಿದೆ. ಒಪ್ಪಿಗೆ ಕೊಡುವವರು ನಾನು ಮತ್ತು ಮಿಲ್ಲಿನ ಯಜಮಾನರು, ಇಬ್ಬರೇ. ಬೇರೆ ಯಾರಾದರೂ ಫೋನ್ ಮಾಡಿ ಬದಲಾವಣೆ ಹೇಳಿದರೆ ನನಗೆ ತಿಳಿಸಿ, ಕೆಲಸ ಶುರು ಮಾಡಬೇಡಿ.

ಮುಂಗಾರಿನ ಶೇಂಗಾ ಅಕ್ಟೋಬರ್-ನವೆಂಬರ್ ಹೊತ್ತಿಗೆ ಮಾರುಕಟ್ಟೆಗೆ ಬರುತ್ತದೆ. ಹೊಸ ಬೀಜದ ಎಣ್ಣೆಯನ್ನು ಹೊಸ ಪಾಕೀಟಿನಲ್ಲಿ ಸಂಕ್ರಾಂತಿಗೆ ಮೊದಲು ಅಂಗಡಿಗೆ ಮುಟ್ಟಿಸಬೇಕು. ಅಂದರೆ ಸಿಲಿಂಡರಿಗೆ ಹೋಗುವ ಫೈಲು ನವೆಂಬರ್ 10ರೊಳಗೆ ಕೈಯಲ್ಲಿರಬೇಕು.

ಒಂದು ಕೋರಿಕೆ. ಕೊಟೇಶನ್ ಕಳಿಸುವ ಮೊದಲು ಚಿತ್ರ ಬಿಡಿಸುವವರನ್ನು ಕರೆದುಕೊಂಡು ಒಂದು ದಿನ ಬನ್ನಿ. ಈಗ ಹೊಲದಲ್ಲಿ ಶೇಂಗಾ ಹೂವಿನಲ್ಲಿದೆ, ಇನ್ನು ಸ್ವಲ್ಪ ದಿನ ಬಿಟ್ಟರೆ ನೋಡಲು ಸಿಗುವುದಿಲ್ಲ. ಬೆಳಿಗ್ಗೆ ಹೊಲ, ಆಮೇಲೆ ಮಿಲ್, ಮಧ್ಯಾಹ್ನ ಕಿರಾಣಿ ಅಂಗಡಿಗಳು. ದುರ್ಗದಿಂದ ಚಳ್ಳಕೆರೆಗೆ ನಮ್ಮ ಕಾರ್ ಕಳಿಸುತ್ತೇನೆ, ಊಟ ನಮ್ಮಲ್ಲೇ. ಬರುವ ಬುಧವಾರ ಅಥವಾ ಗುರುವಾರ ಆಗುತ್ತದಾ ತಿಳಿಸಿ.

ಹಳೇ ಲೇಬಲ್, ಟಿನ್ ಮತ್ತು ಲಾರಿಯ ಫೋಟೋಗಳನ್ನು ಲಗತ್ತಿಸಿದ್ದೇನೆ.

ವಂದನೆಗಳೊಂದಿಗೆ,
ಮಾರ್ಕೆಟಿಂಗ್ ಮುಖ್ಯಸ್ಥೆ
ಚಿತ್ರದುರ್ಗ ಕಚೇರಿ